ಮುಟ್ಟು ಇನ್ನೂ ನಿಂತಿರಲಿಲ್ಲ

ವಿಜಯಾಗೆ 47 ವರ್ಷ. ತಿಪಟೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಗಂಡನದು ಕೊಬ್ಬರಿ ವ್ಯಾಪಾರ, ಮಗಳು ಸಿಂಧು ಎರಡನೇ ಪಿಯುಸಿ, ಮನೆಯಲ್ಲಿ ವಯಸ್ಸಾದ ಅತ್ತೆ. ವಿಜಯಾ ಕಥೆಯ ಹೆಂಗಸು, ಈ ಹೆಸರಿನ ಒಬ್ಬರನ್ನು ಹುಡುಕಿದರೆ ಸಿಗುವುದಿಲ್ಲ. ಆದರೆ ಅವಳಿಗೆ ಆದದ್ದೆಲ್ಲ ಈ ವಯಸ್ಸಿನ ಸಾವಿರಾರು ಹೆಂಗಸರಿಗೆ ಆಗುತ್ತಿರುವಂಥದ್ದು. ಅವಳಿಗೆ ಅದು ಏನೆಂದು ಗೊತ್ತಾಗಲು ಒಂಬತ್ತು ತಿಂಗಳು ಬೇಕಾಯಿತು. ಅಷ್ಟು ತಡವಾದದ್ದು ಏಕೆ ಎಂಬುದನ್ನು ತಿಳಿದುಕೊಂಡರೆ ಉಳಿದವರಿಗೆ ಅಷ್ಟು ತಡವಾಗಬೇಕಿಲ್ಲ.

ಮೊದಲು ಕೆಟ್ಟದ್ದು ನಿದ್ದೆ. ದಸರಾ ಕಳೆದ ಮೇಲೆ ಒಂದು ದಿನ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಯಿತು. ಮತ್ತೆ ನಿದ್ದೆ ಹತ್ತಲಿಲ್ಲ. ವಾರದಲ್ಲಿ ಎರಡು ಮೂರು ಸಲ ಹೀಗಾಗತೊಡಗಿತು. ಎಚ್ಚರವಾದಾಗ ಕುತ್ತಿಗೆಯ ಹಿಂಭಾಗ, ಎದೆ ಒದ್ದೆಯಾಗಿರುತ್ತಿತ್ತು. ಫ್ಯಾನು ಜೋರು ಮಾಡಿದರೆ ಸ್ವಲ್ಪ ಹೊತ್ತಿಗೆ ಚಳಿ. ಸೆಕೆ ಇರಬೇಕು ಅಂದುಕೊಂಡಳು. ಆಗಿನ್ನೂ ಕಾರ್ತಿಕ ಮಾಸ.

ಆಮೇಲೆ ಸಿಟ್ಟು ಶುರುವಾಯಿತು. ವಿಜಯಾ ಗಟ್ಟಿ ಸ್ವರದವಳಲ್ಲ. ಇಪ್ಪತ್ತು ವರ್ಷ ಮಕ್ಕಳ ಜೊತೆ ಇದ್ದವಳಿಗೆ ತಾಳ್ಮೆ ಅಭ್ಯಾಸವಾಗಿ ಹೋಗಿತ್ತು. ಅಂಥವಳು ಜನವರಿಯ ಕೊನೆಯಲ್ಲಿ, ತ್ರಿಕೋನದ ಲೆಕ್ಕವನ್ನು ಎರಡನೇ ಸಲ ಕೇಳಿದ ಹುಡುಗನ ಮೇಲೆ ಕೂಗಿಬಿಟ್ಟಳು. ಇಡೀ ತರಗತಿ ಸುಮ್ಮನಾಯಿತು. ಫೆಬ್ರವರಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಕಾರಣವಿಲ್ಲದೆ ಅಳು ಬಂತು. ಮಾರ್ಚಿನಲ್ಲಿ ಸಿಂಧು ಊಟದ ತಟ್ಟೆ ಎತ್ತದೆ ಎದ್ದುಹೋದದ್ದಕ್ಕೆ ಆಡಿದ ಮಾತಿಗೆ ಮಗಳು ಎರಡು ದಿನ ಮಾತು ಬಿಟ್ಟಳು. ಹಾಗೆಂದು ದಿನವೂ ಹೀಗಿರುತ್ತಿರಲಿಲ್ಲ. ನಡುನಡುವೆ ಹತ್ತು ಹದಿನೈದು ದಿನ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು. ಆ ಒಳ್ಳೆಯ ದಿನಗಳೇ ಅವಳ ದಾರಿ ತಪ್ಪಿಸಿದವು. ಕಾಯಿಲೆಯಾಗಿದ್ದರೆ ಹೀಗೆ ಬಂದು ಹೋಗುತ್ತದೆಯೇ? ತನ್ನ ಸ್ವಭಾವವೇ ಕೆಡುತ್ತಿದೆ ಎಂದು ಅವಳಿಗೆ ಅನಿಸತೊಡಗಿತು.

ತಪ್ಪಿಹೋದ ಎರಡು ಅವಕಾಶಗಳು

ಏಪ್ರಿಲ್ ಹೊತ್ತಿಗೆ ಗಂಡನೇ ಒತ್ತಾಯ ಮಾಡಿ ಪರಿಚಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಿಪಿ ಸರಿಯಾಗಿತ್ತು. "ಎಕ್ಸಾಮ್ ಟೈಮಲ್ವಾ ಮೇಡಂ, ಟೆನ್ಷನ್ನು" ಎಂದು ಅವರು ಹತ್ತು ನಿದ್ದೆಮಾತ್ರೆ ಬರೆದರು. ಮಾತ್ರೆ ನುಂಗಿದ ರಾತ್ರಿ ನಿದ್ದೆ ಬಂತು. ಮರುದಿನ ಮೊದಲ ಪೀರಿಯಡ್ಡಿನಲ್ಲಿ ತಲೆ ಮಂಕಾಗಿ, ಬೋರ್ಡಿನ ಮೇಲೆ ಕೂಡುವ ಲೆಕ್ಕವೇ ತಪ್ಪಿತು. ನಾಲ್ಕು ಮಾತ್ರೆಯ ಮೇಲೆ ಬಿಟ್ಟಳು. ಬಿಟ್ಟದ್ದು ಒಳ್ಳೆಯದೇ ಆಯಿತು. ಈ ಬಗೆಯ ಮಾತ್ರೆಗಳನ್ನು ವಾರಗಟ್ಟಲೆ ತೆಗೆದುಕೊಂಡರೆ ಅಭ್ಯಾಸವಾಗುತ್ತದೆ. ಎಚ್ಚರ ಮಾಡಿಸುತ್ತಿರುವ ಕಾರಣ ಮಾತ್ರ ಇದ್ದಲ್ಲೇ ಇರುತ್ತದೆ.

ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರ್ ಒಮ್ಮೆ ಮೆಲ್ಲಗೆ ಕೇಳಿದರು: "ವಿಜಯಾ ಮಿಸ್, ಮೆನೋಪಾಸ್ ಏನಾದ್ರೂ ಇರಬಹುದಾ?"

"ಅಯ್ಯೋ, ನಂಗಿನ್ನೂ ಆಗ್ತಾನೇ ಇದೆ ಮಿಸ್. ಹೋದ ತಿಂಗಳಂತೂ ಎರಡು ಸಲ ಆಯ್ತು" ಎಂದಳು ವಿಜಯಾ. ಅಲ್ಲಿಗೆ ಆ ಮಾತು ಮುಗಿಯಿತು.

ಮನೆಯಲ್ಲಿ ಅತ್ತೆಯೂ ಅದನ್ನೇ ಹೇಳಿದರು. ಅವರಿಗೂ ಮುಟ್ಟು ನಿಂತಮೇಲೆ ಎರಡು ವರ್ಷ ಮೈ ಉರಿ, ತಲೆ ಬಿಸಿ ಇತ್ತಂತೆ. "ಅದೆಲ್ಲ ನಿಂತ ಮ್ಯಾಲೆ ಬರೋದು ಕಣಮ್ಮ, ನಿಂಗಿನ್ನೂ ನಿಂತಿಲ್ವಲ್ಲ." ಸಾಲದ್ದಕ್ಕೆ ಪೇಟೆಯ ಲ್ಯಾಬಿನಲ್ಲಿ ರಿಯಾಯಿತಿ ದರದ ಪ್ಯಾಕೇಜು ತಪಾಸಣೆ ಮಾಡಿಸಿದಾಗ ಅದರಲ್ಲಿ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಲೆಕ್ಕವೂ ಇತ್ತು. 7.2 ಬಂದಿತ್ತು. ಪಕ್ಕದಲ್ಲಿ 'ನಾರ್ಮಲ್' ಎಂದು ಅಚ್ಚಾಗಿತ್ತು. ಮುಟ್ಟು ನಿಲ್ಲುವ ಕಾಲದಲ್ಲಿ ಈ ಹಾರ್ಮೋನು ಏರುತ್ತದೆ ಎಂದು ಎಲ್ಲೋ ಓದಿದ್ದ ವಿಜಯಾ ಆ ವಿಚಾರವನ್ನು ಪೂರ್ತಿ ಬಿಟ್ಟುಬಿಟ್ಟಳು.

ಅವಳ ತರ್ಕದಲ್ಲಿ ಲೋಪವಿರಲಿಲ್ಲ, ತಿಳಿವಳಿಕೆಯಲ್ಲಿತ್ತು. ಋತುಬಂಧ ಎಂದು ಲೆಕ್ಕಕ್ಕೆ ಹಿಡಿಯುವುದು ಕೊನೆಯ ಮುಟ್ಟಾಗಿ ಪೂರ್ತಿ ಹನ್ನೆರಡು ತಿಂಗಳು ಕಳೆದ ಮೇಲೆ. ಭಾರತದ ಹೆಂಗಸರಲ್ಲಿ ಅದು ಸರಾಸರಿ 46–47ರ ಆಸುಪಾಸಿನಲ್ಲಿ ಆಗುತ್ತದೆ. ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ಆದರೆ ದೇಹ ಆ ಕಡೆಗೆ ಹೊರಡುವುದು ಅದಕ್ಕೂ ನಾಲ್ಕೈದು ವರ್ಷ ಮುಂಚೆ. ಕೆಲವರಲ್ಲಿ ಇನ್ನೂ ಮೊದಲೇ. ಈ ನಡುವಿನ ಕಾಲವನ್ನೇ ಡಾಕ್ಟರುಗಳು ಪೆರಿಮೆನೋಪಾಸ್ ಎನ್ನುವುದು. ಈ ಅವಧಿಯ ಬಹುಭಾಗ ಮುಟ್ಟು ಆಗುತ್ತಲೇ ಇರುತ್ತದೆ. ಮನಸ್ಸಿನ ಏರುಪೇರು ಹೆಚ್ಚಾಗಿ ಕಾಣಿಸುವುದೂ ಈ ಅವಧಿಯಲ್ಲೇ, ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲಲ್ಲ.

ಅಡುಗೆಮನೆಯ ಕ್ಯಾಲೆಂಡರು

ಜೂನ್ ಕೊನೆಯ ಭಾನುವಾರ ಗ್ಯಾಸ್ ಖಾಲಿಯಾಯಿತು. ಸಿಲಿಂಡರು ಎಷ್ಟು ದಿನ ಬಂತು ಎಂದು ನೋಡಲು ವಿಜಯಾ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿದಳು. ಹಾಲು ತಪ್ಪಿದ ದಿನಕ್ಕೆ ಗೀಟು, ಗ್ಯಾಸ್ ಬಂದ ದಿನಕ್ಕೆ 'ಗ್ಯಾ', ಮುಟ್ಟಾದ ದಿನಕ್ಕೆ ಕೆಂಪು ಚುಕ್ಕೆ ಹಾಕುವುದು ಅವಳ ಹಳೆಯ ರೂಢಿ. ಗ್ಯಾಸಿನ ಲೆಕ್ಕ ಮುಗಿದರೂ ಗಣಿತದ ಟೀಚರಿನ ಕಣ್ಣು ಕೆಂಪು ಚುಕ್ಕೆಗಳ ಮೇಲೆ ನಿಂತಿತು. ಜನವರಿ 6, ಫೆಬ್ರವರಿ 3, ಫೆಬ್ರವರಿ 26, ಮಾರ್ಚ್ 31, ಏಪ್ರಿಲ್ 22, ಮೇ 30, ಜೂನ್ 22. ಒಂದರಿಂದ ಇನ್ನೊಂದಕ್ಕೆ ಇರುವ ಅಂತರವನ್ನು ಅಲ್ಲೇ ಅಂಚಿನಲ್ಲಿ ಬರೆದಳು: 28, 23, 33, 22, 38, 23.

ಮದುವೆಯಾದಾಗಿನಿಂದ ಅವಳದು 28 ಅಥವಾ 29 ದಿನದ ಲೆಕ್ಕ. ಬಸುರಿನ ತಿಂಗಳುಗಳನ್ನು ಬಿಟ್ಟರೆ ಎಂದೂ ತಪ್ಪಿದ್ದಿಲ್ಲ. ಒಂದೊಂದು ತಿಂಗಳನ್ನೇ ನೋಡಿದಾಗ ಹೊರಗಿನ ಓಡಾಟ, ಪರೀಕ್ಷೆ, ಊರಜಾತ್ರೆಯಿಂದ ಹಿಂದೆ ಮುಂದೆ ಆಯಿತು ಎನಿಸಿತ್ತು. ಒಟ್ಟಿಗೆ ನೋಡಿದಾಗ ಹಾಗನಿಸಲಿಲ್ಲ. ಅವಳು ಇನ್ನೊಂದನ್ನೂ ಗಮನಿಸಿದಳು. ತರಗತಿಯಲ್ಲಿ ಕೂಗಾಡಿದ್ದು ಫೆಬ್ರವರಿ 3ರ ಚುಕ್ಕೆಗೆ ಕೆಲವೇ ದಿನ ಮುಂಚೆ. ಉತ್ತರಪತ್ರಿಕೆಯ ಮುಂದೆ ಅತ್ತದ್ದು ಫೆಬ್ರವರಿ 26ರ ಹಿಂದಿನ ವಾರ. ಸಿಂಧು ಮಾತುಬಿಟ್ಟಿದ್ದು ಯುಗಾದಿಯ ಹೊತ್ತಿಗೆ, ಅದೂ ಮಾರ್ಚ್ 31ರ ಮುಂಚಿನ ದಿನಗಳಲ್ಲಿ.

ಜುಲೈ ಮೊದಲ ವಾರ ಆ ಕ್ಯಾಲೆಂಡರಿನ ಹಾಳೆಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ತುಮಕೂರಿನ ಒಬ್ಬ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದಳು. ಡಾಕ್ಟರು ಅಂತರದ ಅಂಕಿಗಳ ಮೇಲೆ ಬೆರಳಿಟ್ಟು ಹೇಳಿದ್ದು ಇಷ್ಟು: "ಒಂದು ಸಲದ್ದಕ್ಕೂ ಇನ್ನೊಂದು ಸಲದ್ದಕ್ಕೂ ಏಳು ದಿನ ಅಥವಾ ಜಾಸ್ತಿ ವ್ಯತ್ಯಾಸ ಪದೇ ಪದೇ ಬರ್ತಿದ್ರೆ, ಆ ಬದಲಾವಣೆ ಶುರುವಾಗಿದೆ ಅಂತ ಅರ್ಥ. ನಿಮ್ಮಲ್ಲಿ ಹತ್ತು, ಹನ್ನೊಂದು, ಹದಿನಾರು ದಿನ ವ್ಯತ್ಯಾಸ ಇದೆ ನೋಡಿ. ಮುಂದೆ ಅರವತ್ತು ದಿನ ಬಿಟ್ಟು ಆಗೋಕೆ ಶುರುವಾದ್ರೆ ಕೊನೇ ಹಂತಕ್ಕೆ ಬಂದ್ರಿ ಅಂತ."

"ಮತ್ತೆ ರಕ್ತದ ರಿಪೋರ್ಟಲ್ಲಿ ನಾರ್ಮಲ್ ಅಂತ ಇತ್ತಲ್ಲ ಮೇಡಂ?"

"ಆ ದಿನಕ್ಕೆ ನಾರ್ಮಲ್. ಹದಿನೈದು ದಿನ ಬಿಟ್ಟು ಮಾಡಿಸಿದ್ರೆ ಮೂವತ್ತು ಬರಬಹುದು, ಮತ್ತೆ ಏಳಕ್ಕೂ ಇಳೀಬಹುದು. ನಲವತ್ತೈದು ದಾಟಿದವರಿಗೆ ನಾನು ಆ ಟೆಸ್ಟ್ ಬರೆಯೋದೇ ಇಲ್ಲ. ನಿಮ್ಮ ಕ್ಯಾಲೆಂಡರು ಅದಕ್ಕಿಂತ ಜಾಸ್ತಿ ಹೇಳುತ್ತೆ."

ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. 45 ದಾಟಿದ ಹೆಂಗಸಿನಲ್ಲಿ ಮುಟ್ಟಿನ ಬದಲಾವಣೆ ಮತ್ತು ಲಕ್ಷಣಗಳನ್ನು ಕೇಳಿಯೇ ಗುರುತಿಸಬೇಕು, ಹಾರ್ಮೋನ್ ಪರೀಕ್ಷೆ ಬೇಡ.

ಒಳಗೆ ನಡೆಯುವುದೇನು

ಈ ವಯಸ್ಸಿನಲ್ಲಿ ಈಸ್ಟ್ರೊಜೆನ್ ಮೆಲ್ಲಮೆಲ್ಲನೆ ಕಡಿಮೆಯಾಗುತ್ತ ಹೋಗುತ್ತದೆ, ಅದರಿಂದಲೇ ತೊಂದರೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಜವಾಗಿ ಆಗುವುದು ಬೇರೆ. ಅಂಡಾಶಯದಲ್ಲಿ ಅಂಡಗಳು ಕಡಿಮೆಯಾದಾಗ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಅನ್ನು ಹೆಚ್ಚು ಸುರಿಸಿ ಅದನ್ನು ಒತ್ತಾಯಿಸುತ್ತದೆ. ಆ ಒತ್ತಾಯಕ್ಕೆ ಅಂಡಾಶಯ ಒಂದು ತಿಂಗಳು ಹರೆಯದಲ್ಲಿದ್ದುದಕ್ಕಿಂತಲೂ ಹೆಚ್ಚು ಈಸ್ಟ್ರೊಜೆನ್ ಕೊಟ್ಟುಬಿಡಬಹುದು. ಮರುತಿಂಗಳು ಏನೂ ಕೊಡದೆ ಇರಬಹುದು. ವೋಲ್ಟೇಜ್ ಒಂದೇ ಸಮ ಕಡಿಮೆ ಇದ್ದರೆ ಬಲ್ಬು ಮಂಕಾಗಿ ಉರಿಯುತ್ತದೆ ಅಷ್ಟೆ. ಅದು ಏರಿ ಇಳಿದು ಮಾಡಿದಾಗ ಮೋಟಾರು ಸುಡುತ್ತದೆ. ವಿಜಯಾಳ ಮಿದುಳು ಎದುರಿಸುತ್ತಿದ್ದುದು ಎರಡನೆಯದನ್ನು.

ಈಸ್ಟ್ರೊಜೆನ್ನಿಗೂ ಮನಸ್ಸಿಗೂ ಏನು ಸಂಬಂಧ? ಮನಸ್ಸನ್ನು ಸ್ಥಿರವಾಗಿಡುವ ಸೆರೊಟೊನಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಎಷ್ಟು ತಯಾರಾಗಬೇಕು, ಎಷ್ಟು ಹೊತ್ತು ಉಳಿಯಬೇಕು ಎಂಬುದರಲ್ಲಿ ಈಸ್ಟ್ರೊಜೆನ್ನಿನ ಕೈಯಿದೆ. ಅದು ಒಮ್ಮೆಲೇ ಕುಸಿದಾಗ ಇದೂ ಅಲುಗಾಡುತ್ತದೆ.

ಇದರ ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿದೆ. ಅಂಡ ಬಿಡುಗಡೆಯಾದ ತಿಂಗಳಲ್ಲಿ ಮಾತ್ರ ಅದು ಸಾಕಷ್ಟು ತಯಾರಾಗುತ್ತದೆ. ನಲವತ್ತರ ಕೊನೆಯಲ್ಲಿ ಅಂಡ ಬಿಡುಗಡೆಯಾಗದ ತಿಂಗಳುಗಳು ಹೆಚ್ಚುತ್ತವೆ. ಪ್ರೊಜೆಸ್ಟರಾನಿನಿಂದ ದೇಹದಲ್ಲಿ ಆಗುವ ಒಂದು ವಸ್ತು ಮಿದುಳಿನ ಗಾಬಾ ಎಂಬ ಶಮನ ವ್ಯವಸ್ಥೆಗೆ ಬಲ ಕೊಡುತ್ತದೆ. ಏಪ್ರಿಲಿನಲ್ಲಿ ವಿಜಯಾಗೆ ಕೊಟ್ಟ ನಿದ್ದೆಮಾತ್ರೆ ಕೆಲಸ ಮಾಡುವುದೂ ಇದೇ ವ್ಯವಸ್ಥೆಯ ಮೇಲೆ. ದೇಹ ತಾನೇ ಕೊಡುತ್ತಿದ್ದ ಶಮನ ಕೆಲವು ತಿಂಗಳು ಸಿಕ್ಕಿ ಕೆಲವು ತಿಂಗಳು ಸಿಗದೆ ಹೋದಾಗ ಸಣ್ಣ ಮಾತೂ ದೊಡ್ಡದಾಗಿ ಕೇಳುತ್ತದೆ.

ಮೂರನೆಯದು ನಿದ್ದೆ. ಮಿದುಳಿನಲ್ಲಿ ದೇಹದ ಶಾಖವನ್ನು ನೋಡಿಕೊಳ್ಳುವ ಜಾಗ ಈಸ್ಟ್ರೊಜೆನ್ನಿನ ಏರಿಳಿತಕ್ಕೆ ಸಿಕ್ಕಿ ಸೂಕ್ಷ್ಮವಾಗುತ್ತದೆ. ಮೈಶಾಖ ಸ್ವಲ್ಪವೇ ಏರಿದರೂ ಮಿತಿ ಮೀರಿತೆಂದು ತಿಳಿದು ಚರ್ಮದ ರಕ್ತನಾಳಗಳನ್ನು ಅಗಲಿಸಿ ಬೆವರಿಸುತ್ತದೆ. ರಾತ್ರಿ ಮೂರಕ್ಕೆ ಒದ್ದೆ ಕುತ್ತಿಗೆಯೊಂದಿಗೆ ಎಚ್ಚರವಾಗುತ್ತಿದ್ದುದು ಇದರಿಂದ. ಹೀಗೆ ಮುರಿದ ನಿದ್ದೆ ಯಾರನ್ನಾದರೂ ಸಿಡುಕು ಮಾಡಿಸುತ್ತದೆ.

ಈ ಏರಿಳಿತ ಎಲ್ಲ ಹೆಂಗಸರಲ್ಲೂ ಇದೆ, ಮನಸ್ಸು ಇಷ್ಟು ಹೊಯ್ದಾಡುವುದು ಮಾತ್ರ ಕೆಲವರಲ್ಲಿ. ಹಿಂದೆ ಖಿನ್ನತೆ ಇದ್ದವರು, ಹೆರಿಗೆಯಾದ ಮೇಲೆ ಮನಸ್ಸು ಕುಗ್ಗಿದ್ದವರು, ಹರೆಯದಲ್ಲಿ ಮುಟ್ಟಿಗೆ ಮುಂಚೆ ಸಿಡುಕು ಅಳು ಹೆಚ್ಚಿದ್ದವರು ಈ ಬದಲಾವಣೆಗೆ ಹೆಚ್ಚು ಸೂಕ್ಷ್ಮ. ಡಾಕ್ಟರು ಕೇಳಿದಾಗ ವಿಜಯಾಗೆ ನೆನಪಾಯಿತು. ಸಿಂಧು ಹುಟ್ಟಿದ ಮೇಲೆ ಮೂರು ತಿಂಗಳು ಮಗುವಿನ ಮುಖ ನೋಡಿದರೂ ಅಳು ಬರುತ್ತಿತ್ತು. ಬಾಣಂತಿಗೆ ಹಾಗೆಲ್ಲ ಆಗುತ್ತೆ ಎಂದು ತವರಿನಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೇರೆ ಕಾರಣಗಳನ್ನು ಬಿಡಬಾರದು

ವಯಸ್ಸು 47, ಮುಟ್ಟು ಹಿಂದೆ ಮುಂದೆ, ಆದ್ದರಿಂದ ಎಲ್ಲವೂ ಹಾರ್ಮೋನು ಎಂದು ಮುಗಿಸಿದರೂ ತಪ್ಪೇ. ಸುಸ್ತು, ಸಿಡುಕು, ಎದೆಬಡಿತಕ್ಕೆ ಥೈರಾಯ್ಡೂ ಕಾರಣವಾಗಬಹುದು. ಮಾಂಸಾಹಾರ ತಿನ್ನದವರಲ್ಲಿ ಬಿ12 ಕಡಿಮೆಯಾಗಿ ಮನಸ್ಸು ಮಂಕಾಗಬಹುದು. ಡಾಕ್ಟರು ಈ ಎರಡಕ್ಕೂ, ಸಕ್ಕರೆಗೂ ಪರೀಕ್ಷೆ ಬರೆದರು. ವಿಜಯಾಗೆ ಅವು ಸರಿಯಾಗಿದ್ದವು. ಹಿಮೋಗ್ಲೋಬಿನ್ ಮಾತ್ರ 9.4ಕ್ಕೆ ಇಳಿದಿತ್ತು. ಹೆಂಗಸರಿಗೆ ಅದು 12 ಇರಬೇಕು.

ಕಾರಣ ಅವಳು ತಾನಾಗಿ ಹೇಳದ ಸಂಗತಿಯಲ್ಲಿತ್ತು. ಈ ಆರು ತಿಂಗಳು ಮೊದಲ ಎರಡು ದಿನ ಎರಡು ಗಂಟೆಗೊಮ್ಮೆ ಪ್ಯಾಡು ಬದಲಿಸಬೇಕಾಗುತ್ತಿತ್ತು, ಗಡ್ಡೆಗಡ್ಡೆ ರಕ್ತ ಹೋಗುತ್ತಿತ್ತು. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನಿನ ಹಿಡಿತವಿಲ್ಲದೆ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ಹೋಗುವಾಗ ಹೆಚ್ಚು ರಕ್ತ ಹೋಗುತ್ತದೆ. ಇದು ಸಾಮಾನ್ಯ. ಆದರೂ 45 ದಾಟಿದ ಮೇಲೆ ಇಂಥ ರಕ್ತಸ್ರಾವವನ್ನು ಪರೀಕ್ಷೆ ಮಾಡದೆ ಬಿಡುವಂತಿಲ್ಲ, ಏಕೆಂದರೆ ಗರ್ಭಕೋಶದ ಕ್ಯಾನ್ಸರೂ ಹೀಗೆಯೇ ಶುರುವಾಗಬಹುದು. ಸ್ಕ್ಯಾನಿಂಗಿನಲ್ಲಿ ಎರಡು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್ ಕಂಡಿತು. ಸಪೂರ ನಳಿಕೆಯಿಂದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇರಲಿಲ್ಲ. ಗಂಟೆಗೊಂದು ಪ್ಯಾಡು ತೊಯ್ಯುವುದು, ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಎರಡು ಮುಟ್ಟಿನ ನಡುವೆ ಅಥವಾ ಗಂಡಹೆಂಡಿರು ಸೇರಿದ ಮೇಲೆ ರಕ್ತ ಕಾಣುವುದು, ವರ್ಷವಿಡೀ ನಿಂತು ಮತ್ತೆ ಕಾಣುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯದೆ ತೋರಿಸಿಕೊಳ್ಳಬೇಕು.

ಪಕ್ಕದ ಮನೆಯವರು ಸುಲಭದ ದಾರಿ ಹೇಳಿದರು: "ಗರ್ಭಕೋಶ ತೆಗೆಸಿಬಿಡು ವಿಜಯಾ, ಕಾಟವೇ ತಪ್ಪುತ್ತೆ." ನಮ್ಮಲ್ಲಿ ಈ ಸಲಹೆ ತೀರ ಹಗುರವಾಗಿ ಬಂದುಬಿಡುತ್ತದೆ. ಗರ್ಭಕೋಶ ತೆಗೆದರೆ ರಕ್ತಸ್ರಾವ ನಿಲ್ಲುತ್ತದೆ ನಿಜ. ಮನಸ್ಸನ್ನು ಹೊಯ್ದಾಡಿಸುತ್ತಿರುವ ಹಾರ್ಮೋನುಗಳು ಬರುವುದು ಅಂಡಾಶಯದಿಂದ, ಗರ್ಭಕೋಶದಿಂದಲ್ಲ. ಅಂಡಾಶಯವನ್ನೂ ಜೊತೆಗೆ ತೆಗೆದರಂತೂ ವರ್ಷಗಳಲ್ಲಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗಿ, ಮೈ ಉರಿ, ನಿದ್ದೆಗೇಡು, ಮೂಳೆ ಸವೆತ ಇನ್ನೂ ಜೋರಾಗಿ ಬರುತ್ತವೆ. ಎರಡು ಸೆಂಟಿಮೀಟರಿನ ಫೈಬ್ರಾಯ್ಡಿಗೆ ಆ ಶಸ್ತ್ರಚಿಕಿತ್ಸೆಯ ಅಗತ್ಯವೇ ಇರಲಿಲ್ಲ.

ನೋಟ್‌ಬುಕ್ಕಿನ ನಾಲ್ಕು ಕಲಮು

ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು, ಅದನ್ನು ನಿಂಬೆಶರಬತ್ತಿನ ಜೊತೆ ತೆಗೆದುಕೊಳ್ಳಿ, ಕಾಫಿಯ ಹತ್ತಿರ ಬೇಡ ಎಂದರು. ಕಾಫಿ, ಟೀ ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ. ಜೊತೆಗೆ ಒಂದು ಕೆಲಸ ಹಚ್ಚಿದರು. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು, ನಾಲ್ಕು ಕಲಮು: ರಕ್ತ ಹೋಯಿತೇ ಇಲ್ಲವೇ, ರಾತ್ರಿ ಎಷ್ಟು ಗಂಟೆ ನಿದ್ದೆ, ಬೆವರಿ ಎಚ್ಚರವಾಯಿತೇ, ಸಿಟ್ಟು ಅಥವಾ ಅಳು ಸೊನ್ನೆಯಿಂದ ಐದರಲ್ಲಿ ಎಷ್ಟು. ಮಲಗುವ ಮುಂಚೆ ಒಂದೇ ನಿಮಿಷದ ಕೆಲಸ. ವಾರದ ಕೊನೆಗೆ ನೆನಪಿನಿಂದ ಬರೆಯಬಾರದು. ನೆನಪು ಜಗಳದ ದಿನವನ್ನು ಉಳಿಸಿಕೊಂಡು ಒಳ್ಳೆಯ ದಿನಗಳನ್ನು ಬಿಟ್ಟುಬಿಡುತ್ತದೆ.

ಸೆಪ್ಟೆಂಬರಿನಲ್ಲಿ ಆ ಪುಟಗಳನ್ನು ಡಾಕ್ಟರು ಮತ್ತು ವಿಜಯಾ ಒಟ್ಟಿಗೆ ಓದಿದರು. ಮುಂದಿನ ಮುಟ್ಟು ಜುಲೈ 27ಕ್ಕೆ ಆಗಿತ್ತು, 35 ದಿನಕ್ಕೆ. ಅದಕ್ಕೆ ಮುಂಚಿನ ಹತ್ತು ದಿನ ಸಿಟ್ಟಿನ ಕಲಮಿನಲ್ಲಿ ಮೂರು, ನಾಲ್ಕು, ಒಂದು ಕಡೆ ಐದು. ಆ ಹತ್ತರಲ್ಲಿ ಏಳು ರಾತ್ರಿ ಬೆವರಿ ಎಚ್ಚರವಾಗಿದ್ದಳು. ರಕ್ತ ಶುರುವಾದ ಮೂರನೆಯ ದಿನಕ್ಕೆ ಅಂಕಿ ಒಂದಕ್ಕೆ ಇಳಿದಿತ್ತು. ಆಗಸ್ಟ್ 18ಕ್ಕೆ, ಬರೀ 22 ದಿನಕ್ಕೆ, ಇನ್ನೊಂದು ಮುಟ್ಟು. ಅದರ ಮುಂಚೆ ಕೆಟ್ಟ ದಿನಗಳು ಮೂರೇ. ಕಾಲಾವಧಿ ಉದ್ದವಾದಷ್ಟೂ ಕಷ್ಟದ ದಿನ ಹೆಚ್ಚು ಎಂಬುದು ಎರಡು ತಿಂಗಳ ಪುಟದಲ್ಲೇ ಕಾಣುತ್ತಿತ್ತು. ತಾನು ಕೆಟ್ಟವಳಾಗುತ್ತಿದ್ದೇನೆ ಎಂಬ ವಿಜಯಾಳ ಭಯ ನೀಗಿದ್ದು ಅಲ್ಲಿ. ಸ್ವಭಾವ ಹೀಗೆ ದಿನ ಎಣಿಸಿಕೊಂಡು ಕೆಟ್ಟು, ದಿನ ಎಣಿಸಿಕೊಂಡು ಸರಿಹೋಗುವುದಿಲ್ಲ.

ಒಂದು ಸಾಲು ಮಾತ್ರ ಈ ಲೆಕ್ಕಕ್ಕೆ ಬರಲಿಲ್ಲ. ಆಗಸ್ಟ್ 30. ಹಿಂದಿನ ರಾತ್ರಿ ಏಳು ಗಂಟೆ ನಿದ್ದೆ, ಬೆವರಿಲ್ಲ, ಮುಟ್ಟಿಗೆ ಇನ್ನೂ ದೂರ. ಆದರೂ ಸಿಟ್ಟು ನಾಲ್ಕು. ಅಂದು ಗಂಡ ಅವಳನ್ನು ಒಂದು ಮಾತೂ ಕೇಳದೆ ಹನ್ನೆರಡು ಜನ ನೆಂಟರನ್ನು ರಾತ್ರಿಯ ಊಟಕ್ಕೆ ಕರೆದಿದ್ದ. ಡಾಕ್ಟರು ಆ ಸಾಲು ಓದಿ, "ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ, ಇದನ್ನ ಮನೆಯಲ್ಲಿ ಮಾತಾಡಬೇಕು" ಎಂದರು.

ಈ ವಿಚಾರದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಹಾರ್ಮೋನಿನ ಏರಿಳಿತ ಸಿಟ್ಟನ್ನು ಶೂನ್ಯದಿಂದ ಸೃಷ್ಟಿಸುವುದಿಲ್ಲ, ತಡೆದುಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ನುಂಗಿಕೊಂಡ ನ್ಯಾಯವಾದ ಕಾರಣಗಳು ಆಗ ಹೊರಬರುತ್ತವೆ. 'ಅವಳಿಗೆ ಆ ಟೈಮು, ಸುಮ್ಮನಿರಿ' ಎಂದು ಮನೆಯವರು ಎಲ್ಲವನ್ನೂ ಅದಕ್ಕೇ ಕಟ್ಟಿಬಿಟ್ಟರೆ ಹೆಂಗಸಿನ ಮಾತಿಗೆ ಇದ್ದ ಬೆಲೆಯೂ ಹೋಗುತ್ತದೆ. ಯಾವ ದಿನದ ಸಿಟ್ಟು ದೇಹದ್ದು, ಯಾವುದು ಮನೆಯದ್ದು ಎಂದು ಬಿಡಿಸಿ ತೋರಿಸುವುದರಿಂದಲೇ ಆ ನಾಲ್ಕು ಕಲಮಿಗೆ ಅಷ್ಟು ಬೆಲೆ.

ಏನು ಮಾಡಬಹುದು

ಡಾಕ್ಟರು ಮೂರು ದಾರಿ ಮುಂದಿಟ್ಟರು. ರಕ್ತಹೀನತೆ ಸರಿಮಾಡಿಕೊಂಡು, ರಾತ್ರಿ ಊಟ ಬೇಗ ಮುಗಿಸಿ, ಸಂಜೆಯ ಕಾಫಿ ಬಿಟ್ಟು, ದಿನವೂ ನಡೆದು ಸ್ವಲ್ಪ ಕಾಲ ನೋಡುವುದು ಒಂದು. ಇದರ ಜೊತೆ ಮನಶ್ಶಾಸ್ತ್ರಜ್ಞರ ಹತ್ತಿರ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪಡೆದರೆ ಮನಸ್ಸಿಗೂ ನಿದ್ದೆಗೂ ಸಹಾಯವಾಗುತ್ತದೆ. ಎರಡನೆಯದು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು. ಇವು ಮನಸ್ಸಿನ ಜೊತೆಗೆ ಮೈ ಬಿಸಿಯಾಗುವುದನ್ನೂ ತಗ್ಗಿಸುತ್ತವೆ. ಮೂರನೆಯದು ಹಾರ್ಮೋನ್ ಚಿಕಿತ್ಸೆ: ಹೊರಗಿನಿಂದ ಒಂದೇ ಸಮನಾದ ಸಣ್ಣ ಪ್ರಮಾಣದ ಈಸ್ಟ್ರೊಜೆನ್ ಕೊಟ್ಟು ಒಳಗಿನ ಹೊಯ್ದಾಟವನ್ನು ಶಾಂತ ಮಾಡುವುದು.

"ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತಂತಲ್ಲ ಮೇಡಂ?" ವಿಜಯಾ ಕೇಳಿದಳು. ಈ ಭಯದ ಮೂಲ 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ, ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. ಎರಡೂ ಹಾರ್ಮೋನುಗಳನ್ನು ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ ಎಂಟರಷ್ಟು ಹೆಚ್ಚು ಸ್ತನ ಕ್ಯಾನ್ಸರ್ ಕಂಡಿತ್ತು. ಅಪಾಯ ಇಲ್ಲವೆಂದಲ್ಲ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಅರವತ್ತರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡುವವರಲ್ಲಿ, ತೊಂದರೆ ಜೋರಾಗಿದ್ದರೆ ಹಾನಿಗಿಂತ ಲಾಭ ಹೆಚ್ಚು ಎಂದು ತಜ್ಞರು ಈಗ ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ಕಾಲು ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ವಿಜಯಾ ಮೊದಲ ದಾರಿಯನ್ನೇ ಆರಿಸಿಕೊಂಡಳು. ಡಿಸೆಂಬರ್ ಹೊತ್ತಿಗೆ ಹಿಮೋಗ್ಲೋಬಿನ್ 11.6ಕ್ಕೆ ಏರಿ ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ಹೋಯಿತು. ರಾತ್ರಿಯ ಬೆವರು, ಮುಟ್ಟಿಗೆ ಮುಂಚಿನ ಕುಸಿತ ಹಾಗೇ ಉಳಿದವು. ಆಗ ಮ್ಯಾಮೊಗ್ರಾಮ್ ಮಾಡಿಸಿ, ಬಿಪಿ ನೋಡಿ, ಡಾಕ್ಟರು ಗರ್ಭಕೋಶಕ್ಕೆ ಹಾರ್ಮೋನ್ ಇರುವ ವಂಕಿ ಹಾಕಿ, ತೋಳಿಗೆ ದಿನವೂ ಹಚ್ಚಿಕೊಳ್ಳಲು ಈಸ್ಟ್ರೊಜೆನ್ ಜೆಲ್ ಕೊಟ್ಟರು. ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೊಜೆನ್ ಕೊಡುವಂತಿಲ್ಲ, ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು. ವಂಕಿ ಆ ಪದರವನ್ನು ತೆಳುವಾಗಿಡುತ್ತದೆ, ರಕ್ತಸ್ರಾವವನ್ನು ತಗ್ಗಿಸುತ್ತದೆ, ಗರ್ಭ ನಿಲ್ಲದಂತೆಯೂ ನೋಡಿಕೊಳ್ಳುತ್ತದೆ. ಈ ವಯಸ್ಸಿನಲ್ಲೂ ಗರ್ಭ ನಿಲ್ಲಬಹುದು ಎಂಬುದನ್ನು ಅನೇಕರು ಮರೆಯುತ್ತಾರೆ. ಐವತ್ತರ ಒಳಗೆ ಮುಟ್ಟು ನಿಂತರೆ ಎರಡು ವರ್ಷ, ಆಮೇಲೆ ನಿಂತರೆ ಒಂದು ವರ್ಷ ಎಚ್ಚರಿಕೆ ಬೇಕು.

ಮೊದಲ ಮೂರು ತಿಂಗಳು ಆಗೊಮ್ಮೆ ಈಗೊಮ್ಮೆ ರಕ್ತದ ಕಲೆ ಕಾಣುತ್ತಿತ್ತು. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ವಿಜಯಾ ಗಾಬರಿಯಾಗಲಿಲ್ಲ. ನಾಲ್ಕೈದು ವಾರಕ್ಕೆ ರಾತ್ರಿಯ ಬೆವರು ಕಡಿಮೆಯಾಯಿತು, ಆಮೇಲೆ ನಿದ್ದೆ ಕೂಡಿಕೊಂಡಿತು, ಮನಸ್ಸು ಎಲ್ಲಕ್ಕಿಂತ ಕೊನೆಗೆ ಸಮವಾಯಿತು. ಗಂಡನ ಜೊತೆ ಆಗಸ್ಟ್ 30ರ ಮಾತನ್ನೂ ಆಡಿದಳು. ನೆಂಟರನ್ನು ಕರೆಯುವ ಮುಂಚೆ ಕೇಳುವುದು, ರಾತ್ರಿ ತನ್ನ ತಾಯಿಯ ಮಾತ್ರೆ, ನೀರು ತಾನೇ ನೋಡಿಕೊಳ್ಳುವುದು ಎಂದು ಆತ ಒಪ್ಪಿಕೊಂಡ. ಎಲ್ಲ ದಿನ ನಡೆಸಿಕೊಟ್ಟ ಎಂದಲ್ಲ.

ಎಲ್ಲರಿಗೂ ಇಷ್ಟು ಕಾಯುವ ಸಮಯ ಇರುವುದಿಲ್ಲ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಇಷ್ಟವಾದದ್ದರಲ್ಲೂ ಆಸಕ್ತಿ ಹೋಗಿದ್ದರೆ, ಮುಟ್ಟಾದ ಮೇಲೂ ಒಳ್ಳೆಯ ದಿನ ಬಾರದಿದ್ದರೆ ಅದು ಖಿನ್ನತೆ. ಅದಕ್ಕೆ ಮನೋವೈದ್ಯರ ಚಿಕಿತ್ಸೆಯೇ ಬೇಕು. ಬದುಕು ಸಾಕೆನಿಸುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ವಿಜಯಾಳ ಒಂಬತ್ತು ತಿಂಗಳು ಹೋದದ್ದು ಒಂದು ತಪ್ಪು ಪ್ರಶ್ನೆಯಿಂದ. ಮುಟ್ಟು ನಿಂತಿತೇ ಎಂದು ಎಲ್ಲರೂ ಕೇಳಿದರು, ಅವಳೂ ತನ್ನನ್ನು ತಾನು ಅದನ್ನೇ ಕೇಳಿಕೊಂಡಳು. ನಿದ್ದೆ ಬರುತ್ತಿಲ್ಲ, ಸಿಟ್ಟು ತಡೆಯುತ್ತಿಲ್ಲ, ಸುಮ್ಮನೆ ಅಳು ಬರುತ್ತದೆ ಎಂದು ನಲವತ್ತು ದಾಟಿದ ಹೆಂಗಸು ಬಂದು ಕುಳಿತಾಗ ಬಿಪಿ ಪಟ್ಟಿ ಸುತ್ತುವ ಡಾಕ್ಟರೂ, ಮನೆಯ ಅಕ್ಕತಂಗಿಯರೂ ಕೇಳಬೇಕಾದದ್ದು ಬೇರೆ: ಎರಡು ವರ್ಷದ ಹಿಂದೆ ಎಷ್ಟು ದಿನಕ್ಕೊಮ್ಮೆ ಆಗುತ್ತಿತ್ತು, ಈಗ ಎಷ್ಟು ದಿನಕ್ಕೊಮ್ಮೆ ಆಗುತ್ತಿದೆ?